ಭಾಷಾ ರಾಷ್ಟ್ರೀಯತೆ ಮತ್ತು ರಾಜ್ಯ ರಚನೆ: 1956ರ ಭಾರತ ಮತ್ತು ಸಿಲೋನ್

ಭಾಷೆಯ ಹೆಸರಿನಲ್ಲಿ ರಾಜ್ಯ ಕೇಳುವುದು ದೇಶ ಒಡೆಯುವ ಮೊದಲ ಹೆಜ್ಜೆ ಎಂಬ ಭಯ ಹಳೆಯದು. 1948ರಲ್ಲಿ ಭಾರತದ ಸಂವಿಧಾನ ಸಭೆ ನೇಮಿಸಿದ್ದ ಧರ್ ಆಯೋಗವೂ ಭಾಷಾವಾರು ಪ್ರಾಂತ್ಯಗಳು ಬೇಡವೆಂದಿತ್ತು. ಈ ಭಯಕ್ಕೆ ಆಧಾರ ಸಾಲದು ಎಂಬುದು ಈ ಪ್ರಬಂಧದ ವಾದ. ದೇಶವನ್ನು ಒಡೆಯುವುದು ಭಾಷಾಭಿಮಾನವಲ್ಲ, ಅದಕ್ಕೆ ಅಧಿಕಾರದಲ್ಲಿ ಪಾಲು ಕೊಡಲು ಒಪ್ಪದ ಕೇಂದ್ರ.

1956ನೇ ಇಸವಿಯನ್ನೇ ನೋಡೋಣ. ತೆಲುಗರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣಬಿಟ್ಟ ಮೇಲೆ 1953ರಲ್ಲಿ ಆಂಧ್ರ ರಚನೆಗೆ ಮಣಿದಿದ್ದ ಭಾರತ, 1956ರ ನವೆಂಬರ್ 1ರಂದು ರಾಜ್ಯಗಳ ಗಡಿಯನ್ನೇ ಬಹುಮಟ್ಟಿಗೆ ಭಾಷೆಯ ಆಧಾರದಲ್ಲಿ ಮರುರಚಿಸಿತು. ಅದೇ ವರ್ಷ ಸಿಲೋನ್, ಅಂದರೆ ಇಂದಿನ ಶ್ರೀಲಂಕಾ, ಸಿಂಹಳವೊಂದನ್ನೇ ಆಡಳಿತ ಭಾಷೆಯೆಂದು ಘೋಷಿಸಿತು. ಗಮನಿಸಬೇಕಾದದ್ದು ಮುಂದಿನ ವರ್ಷ ಅಲ್ಲಿನ ಪ್ರಧಾನಿ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಕಂ ಮಾಡಿಕೊಂಡ ಒಪ್ಪಂದ. ತಮಿಳರು ಅಲ್ಲಿ ಒಪ್ಪಿದ್ದು ಪ್ರಾದೇಶಿಕ ಮಂಡಳಿಗಳಿಗೆ, ಪ್ರತ್ಯೇಕ ದೇಶಕ್ಕಲ್ಲ. ಬೌದ್ಧ ಭಿಕ್ಷುಗಳ ಪ್ರತಿಭಟನೆಗೆ ಮಣಿದು ಪ್ರಧಾನಿ 1958ರಲ್ಲಿ ಒಪ್ಪಂದ ಕೈಬಿಟ್ಟರು. 1976ರ ವೇಳೆಗೆ ಬೇಡಿಕೆ ಪ್ರತ್ಯೇಕ ರಾಷ್ಟ್ರಕ್ಕೆ ತಿರುಗಿತ್ತು. ಸಿಂಹಳ ರಾಷ್ಟ್ರೀಯತೆಗೂ ವಸಾಹತು ಕಾಲದ ನಿಜವಾದ ನೋವಿತ್ತು, ಅದನ್ನು ಅಲ್ಲಗಳೆಯಬಾರದು. ಆದರೆ ಆ ನೋವಿಗೆ ಮತ್ತೊಂದು ಭಾಷೆಯನ್ನು ಹೊರಗಿಡುವುದು ಮದ್ದಾಗಿರಲಿಲ್ಲ.

ಉರ್ದುವನ್ನು ಹೇರಹೊರಟ ಪಾಕಿಸ್ತಾನದಲ್ಲೂ 1952ರ ಢಾಕಾ ಗೋಲಿಬಾರಿನಿಂದ 1971ರಲ್ಲಿ ಬಾಂಗ್ಲಾದೇಶ ಬೇರ್ಪಡುವವರೆಗೆ ಇದೇ ಜಾಡು ಕಾಣುತ್ತದೆ. ಅಲ್ಲಿ ಸೇನೆಯ, ಆರ್ಥಿಕ ತಾರತಮ್ಯದ ಪಾತ್ರವೂ ದೊಡ್ಡದು.

ಭಾರತದ ಪರಿಹಾರಕ್ಕೂ ಒಂದು ಕೊರತೆಯಿದೆ. ಗಡಿ ಎಲ್ಲೇ ಎಳೆದರೂ ಆಚೆಗೊಂದಿಷ್ಟು ಜನ ಉಳಿಯುತ್ತಾರೆ. ಅವರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗಲೆಂದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಅದರ ಜಾರಿ ಮಾತ್ರ ಆಯಾ ರಾಜ್ಯದ ಬಹುಸಂಖ್ಯಾತರ ಸರ್ಕಾರದ ಕೈಯಲ್ಲೇ ಇದೆ.