ಟು-ಲೆಟ್: ವೆಬ್ ಸೀರೀಸ್ ಟ್ರೀಟ್‌ಮೆಂಟ್

ಬಸವನಗುಡಿಯ ಹಳೇ ಮನೆ. ಕೆಳಗೆ ಓನರ್ ರತ್ನಮ್ಮ, ರಿಟೈರ್ಡ್ ಗಣಿತ ಟೀಚರ್. ಮೇಲಿನ ಮನೆ ಖಾಲಿ. ಪ್ರತಿ ಎಪಿಸೋಡಿನಲ್ಲೂ ಟು-ಲೆಟ್ ಬೋರ್ಡ್ ನೋಡಿ ಯಾರೋ ಬೆಲ್ ಒತ್ತುತ್ತಾರೆ. ರತ್ನಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆಯುತ್ತಾರೆ. ಮನೆ ಮಾತ್ರ ಯಾರಿಗೂ ಸಿಗಲ್ಲ. ಯಾಕೆ ಅನ್ನೋದು ಕೊನೆಗೆ.

ಧಾಟಿ: ನಗು ಇದೆ, ಗೇಲಿ ಇಲ್ಲ. ರತ್ನಮ್ಮನನ್ನು ಜಿಪುಣಿ ಮುದುಕಿ ಮಾಡಿದರೆ ಕಥೆ ಸತ್ತಂತೆ. ಹಿನ್ನೆಲೆ ಸಂಗೀತ ಕಡಿಮೆ. ಕುಕ್ಕರ್ ಸೀಟಿ, ಸಂಪಿನ ಮೋಟರ್, ತರಕಾರಿ ಗಾಡಿಯವನ ಕೂಗು ಸಾಕು.

ನೋಡುಗರು: 25ರಿಂದ 45ರವರು, ಜೊತೆಗೆ ಅವರ ಅಪ್ಪ-ಅಮ್ಮ. ಬಾಡಿಗೆಗೆ ಅಲೆದವರೂ ಮನೆ ಕೊಟ್ಟು ಪೇಚಾಡಿದವರೂ ಒಂದೇ ಸೋಫಾದಲ್ಲಿ ಕೂತು ನೋಡಬೇಕು, ಅಲ್ವಾ?

ಸ್ವರೂಪ: 8 ಎಪಿಸೋಡ್, ತಲಾ 22 ನಿಮಿಷ. ಒಂದೇ ಮನೆ, ಒಂದೇ ಬೀದಿ. ಖರ್ಚು ಹಿಡಿತದಲ್ಲಿರುತ್ತೆ.

ಎಪಿಸೋಡ್ 1: ಹುಬ್ಬಳ್ಳಿಯ ಮೂವರು ಹುಡುಗರು. ಬ್ಯಾಚುಲರ್ಸ್ ಅಂತ ಎಲ್ಲೂ ಮನೆ ಸಿಕ್ಕಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದ ತಕ್ಷಣ ಒಬ್ಬ ಬಾಯಿಲೆಕ್ಕ ಹಾಕುತ್ತಾನೆ, ತಪ್ಪಾಗಿ. ಟೀಚರ್ ಸುಮ್ನೆ ಬಿಡ್ತಾರಾ? ಮೆಟ್ಟಿಲ ಮೇಲೆ ಕೂರಿಸಿ ಪಾಠ ಶುರು.

ಎಪಿಸೋಡ್ 3: ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆ ತುಂಬ ಜನ. ಮನೆ ನೋಡಲು ಬಂದ ಜೋಡಿ ಹೊರಗೆ ಹೋಗಲಾಗದೆ ರಾತ್ರಿ ಅಲ್ಲೇ ಉಳಿಯುತ್ತದೆ.

ಎಪಿಸೋಡ್ 6: ಟ್ಯಾಂಕರ್ ಬರಲಿಲ್ಲ.

ಎಪಿಸೋಡ್ 8: ಅಮೆರಿಕದಿಂದ ಬಂದ ಮಗ ಬೋರ್ಡ್ ನೋಡುತ್ತಾನೆ. ಬೆಲ್ ಒತ್ತಿ, "ಮನೆ ಖಾಲಿ ಇದೆಯಾ ಅಮ್ಮ?" ಅನ್ನುತ್ತಾನೆ.