ಅಡುಗೆಮನೆಯ ಹೊಗೆ ಮತ್ತು ಹೊಸ ಕೊಳವೆಯ ಕುರಿತು

ಚೆಂಬೂರು, ಮುಂಬಯಿ
ನವೆಂಬರ್ 12, 2025

ನೆರೆಹೊರೆಯ ಎಲ್ಲರಿಗೂ ನಮಸ್ಕಾರಗಳು.

ಮರಾಠಿಯಲ್ಲಿ ಬರೆದ ಪ್ರಕಟಣೆ ಸೊಸೈಟಿಯ ಫಲಕದಲ್ಲಿದೆ. ನಮ್ಮ ಭಾಷೆಯ ಮನೆಗಳಿಗೆ ಈ ಪತ್ರವನ್ನು ಬೇರೆಯಾಗಿಯೇ ಬರೆಯಬೇಕೆನಿಸಿತು.

ನಮ್ಮ ಹೋಟೆಲಿನ ಹೊಗೆ, ಘಾಟಿನ ಬಗ್ಗೆ ಮಳೆಗಾಲದಿಂದಲೂ ಹೇಳುತ್ತಿದ್ದೀರಿ. ನಾನು ಕಿವಿಗೊಟ್ಟದ್ದು ತಡವಾಯಿತು. ಕಳೆದ ತಿಂಗಳು ಎರಡನೆಯ ಮಹಡಿಯ ಅಮ್ಮನವರು ನನ್ನನ್ನು ಕರೆದು ತಮ್ಮ ಅಡುಗೆಮನೆಯ ಕಿಟಕಿಯ ಬಳಿ ನಿಲ್ಲಿಸಿದರು. ಕೆಳಗೆ ನಮ್ಮವರು ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದರು. ಐದು ನಿಮಿಷವೂ ನಿಲ್ಲಲಾಗಲಿಲ್ಲ. ಕಿಟಕಿಯ ಸರಳು ಮುಟ್ಟಿದರೆ ಕೈಗೆಲ್ಲ ಜಿಡ್ಡು. ಆ ಮನೆಯಲ್ಲಿ ಉಬ್ಬಸವಿರುವ ಹಿರಿಯರಿದ್ದಾರೆ. ತಪ್ಪು ನಮ್ಮದು, ಕ್ಷಮೆ ಕೇಳುತ್ತೇನೆ.

ಈಗಿನ ಫ್ಯಾನು ಹೊಗೆಯನ್ನು ಎರಡು ಕಟ್ಟಡಗಳ ನಡುವಿನ ಸಂದಿಗೆ ದೂಡುತ್ತದೆ. ಅಲ್ಲಿ ಗಾಳಿಯಾಡುವುದಿಲ್ಲ. ಬಿಸಿ ಹೊಗೆ ಮೇಲೇರುತ್ತಾ ನಿಮ್ಮ ಕಿಟಕಿಗಳೊಳಗೆ ನುಗ್ಗುತ್ತದೆ, ಎಣ್ಣೆಯ ಆವಿ ತಣ್ಣಗಾಗಿ ಗೋಡೆಗೂ ಒಣಹಾಕಿದ ಬಟ್ಟೆಗೂ ಅಂಟುತ್ತದೆ. ಇನ್ನೂ ದೊಡ್ಡ ಫ್ಯಾನು ಹಾಕೋಣವೆಂದಿದ್ದೆ. ಹಾಕಿದ್ದರೆ ಅದೇ ಹೊಗೆ ಇನ್ನಷ್ಟು ಜೋರಾಗಿ ನಿಮ್ಮ ಮನೆಗೇ ಬರುತ್ತಿತ್ತು.

ಅದಕ್ಕಾಗಿ ಭಟ್ಟಿ ಮತ್ತು ತವಾಗಳ ಮೇಲೆ ಸ್ಟೀಲಿನ ಹುಡ್ ಕೂರಿಸಿ, ಅದರಲ್ಲಿ ಜಿಡ್ಡು ಹಿಡಿಯುವ ಫಿಲ್ಟರ್‌ಗಳನ್ನು ಹಾಕುತ್ತಿದ್ದೇವೆ. ಅಲ್ಲಿಂದ ತಗಡಿನ ಡಕ್ಟ್ ಹಿಂಬದಿಯ ಗೋಡೆಗುಂಟ ನಾಲ್ಕು ಮಹಡಿ ದಾಟಿ, ಟೆರೇಸಿನ ಕಟ್ಟೆಗಿಂತ ಎರಡು ಮೀಟರ್ ಮೇಲೆ ಬಾಯಿ ತೆರೆಯುತ್ತದೆ. ಸೊಸೈಟಿಯ ಸಮಿತಿ ಲಿಖಿತ ಒಪ್ಪಿಗೆ ಕೊಟ್ಟಿದೆ. ವಾಸನೆ ತಗ್ಗಿಸಲು ಕಾರ್ಬನ್ ಫಿಲ್ಟರ್ ಕೂಡ ಇರುತ್ತದೆ. ಡಕ್ಟಿನೊಳಗೆ ಜಿಡ್ಡು ಕಟ್ಟಿದರೆ ಬೆಂಕಿಯ ಭಯ. ಆದ್ದರಿಂದ ಒಳಗೆ ತೊಳೆಯಲು ಅಲ್ಲಲ್ಲಿ ಬಾಗಿಲುಗಳನ್ನು ಬಿಡಿಸಿದ್ದೇನೆ. ಹುಡ್‌ನ ಫಿಲ್ಟರ್‌ಗಳನ್ನು ಪ್ರತಿ ರಾತ್ರಿ ಬಿಸಿನೀರಿನಲ್ಲಿ ತೊಳೆಯುತ್ತೇವೆ.

ಮೇಲಿನ ಮಹಡಿಯವರಿಗೆ ಬ್ಲೋವರ್ ಸದ್ದಿನ ಚಿಂತೆಯಿದೆ, ಅದು ಸಹಜ. ಅದನ್ನು ಟೆರೇಸಿನಲ್ಲಿಡದೆ ನಮ್ಮ ಅಡುಗೆಮನೆಯಲ್ಲೇ ರಬ್ಬರ್ ದಿಂಡುಗಳ ಮೇಲೆ ಕೂರಿಸುತ್ತೇವೆ. ರಾತ್ರಿ 11ಕ್ಕೆ ಆರಿಸುತ್ತೇವೆ. ಒಗ್ಗರಣೆಯ ವಾಸನೆ ಪೂರ್ತಿ ಹೋಗುತ್ತದೆಂದು ಮಾತ್ರ ಹೇಳಲಾರೆ, ಗಾಳಿ ಬೀಸುವ ದಿಕ್ಕಿನ ಮೇಲೆ ಸ್ವಲ್ಪ ತಿಳಿಯಬಹುದು. ಕಣ್ಣುರಿ ಮತ್ತು ಜಿಡ್ಡು ನಿಲ್ಲಲೇಬೇಕು.

ಕೆಲಸ ನವೆಂಬರ್ 17ರ ಸೋಮವಾರದಿಂದ 19ರ ಬುಧವಾರದವರೆಗೆ, ಬೆಳಿಗ್ಗೆ 10ರಿಂದ ಸಂಜೆ 6ರ ತನಕ. ಮಧ್ಯಾಹ್ನ 2ರಿಂದ 4ರವರೆಗೆ ಗೋಡೆ ಕೊರೆಯುವುದಿಲ್ಲ. ಆ ಮೂರು ದಿನ ಹೋಟೆಲ್ ಮುಚ್ಚಿರುತ್ತದೆ. ಹಿಂಬದಿಯ ಕಿಟಕಿಗಳಲ್ಲಿ ಬಟ್ಟೆ ಒಣಹಾಕಬೇಡಿ, ದೂಳು ಬೀಳುತ್ತದೆ. ಮಸಿ ಹಿಡಿದ ಗೋಡೆಗೆ ಬಣ್ಣ ಹೊಡೆಸುವ ಖರ್ಚು ನನ್ನದು.

ಮೆಣಸಿನಕಾಯಿ ಹುರಿಯುವುದನ್ನು ಡಕ್ಟ್ ಶುರುವಾಗುವವರೆಗೆ ನಿಲ್ಲಿಸಿದ್ದೇನೆ. ಆಮೇಲೂ ಹೊಗೆ ಬಂದರೆ ದಯವಿಟ್ಟು ಆ ಹೊತ್ತಿಗೇ ಗಲ್ಲೆಗೆ ಬಂದು ಹೇಳಿ, ನಿಮ್ಮೊಡನೆ ಮೇಲೆ ಬಂದು ನೋಡುತ್ತೇನೆ.

ನಿಮ್ಮ ವಿಶ್ವಾಸಿ,
ತಳಮಹಡಿಯ ಹೋಟೆಲಿನ ಮಾಲೀಕ