ಚೀಟಿ ಲೆಕ್ಕದ ಪುಸ್ತಕ: 14ನೇ ಟಿಕೆಟ್, ಜನವರಿ 2023ರಿಂದ ಜನವರಿ 2025ರವರೆಗೆ

10 ಜನವರಿ 2023, ದಾವಣಗೆರೆ

ಇಂದು ಆರಂಭವಾದ 5,00,000 ರೂಪಾಯಿಯ ನೋಂದಾಯಿತ ಚೀಟಿಯಲ್ಲಿ 14ನೇ ಟಿಕೆಟ್ ನನ್ನ ಹೆಸರಿನಲ್ಲಿದೆ. ಒಟ್ಟು ಟಿಕೆಟ್ 25, ಅವಧಿ 25 ತಿಂಗಳು, ಕಂತು 20,000 ರೂಪಾಯಿ. ಹರಾಜು ಪ್ರತಿ ತಿಂಗಳು 10ರಂದು, ಅಂದು ರಜೆಯಿದ್ದರೆ ಮಾರನೆಯ ಕೆಲಸದ ದಿನ ನಡೆಯುತ್ತದೆ. ಆ ಹರಾಜಿನ ಡಿವಿಡೆಂಡ್ ಕಳೆದು ಉಳಿದ ಕಂತನ್ನು 20ನೇ ತಾರೀಕಿನೊಳಗೆ ಕಟ್ಟಬೇಕು. ಚೀಟಿ ನಡೆಸುವ ಫೋರ್‌ಮನ್ ಕಮಿಷನ್ ಶೇಕಡಾ 5, ಅಂದರೆ 25,000 ರೂಪಾಯಿ. 1982ರ ಚಿಟ್ ಫಂಡ್ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ ಶೇಕಡಾ 7ರವರೆಗೆ ಪಡೆಯಲು ಅವಕಾಶವಿದ್ದರೂ ಇವರು 5ರಲ್ಲೇ ನಿಂತಿರುವುದು ಈ ಚೀಟಿಗೆ ಸೇರಲು ಒಂದು ಕಾರಣವಾಯಿತು. ಹರಾಜಿನಲ್ಲಿ ಬಿಟ್ಟುಕೊಡಬಹುದಾದ ಗರಿಷ್ಠ ಕಡಿತ 1,50,000 ರೂಪಾಯಿ. ಅದೇ ತಿದ್ದುಪಡಿಯ ನಂತರ ಕರಾರುಪತ್ರದಲ್ಲಿ ಡಿವಿಡೆಂಡ್ ಎಂಬ ಪದದ ಬದಲು "ಕಡಿತದ ಪಾಲು" ಎಂದು ಮುದ್ರಿಸಿದ್ದಾರೆ. ಕಚೇರಿಯಲ್ಲಿಯೂ ಸದಸ್ಯರ ಬಾಯಲ್ಲಿಯೂ ಅದು ಡಿವಿಡೆಂಡೇ ಆಗಿರುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಈ ಹಣ ನಮ್ಮ ಮುದ್ರಣಾಲಯಕ್ಕೆ ಕಾಗದ ಕತ್ತರಿಸುವ ಯಂತ್ರ ಕೊಳ್ಳುವುದಕ್ಕಾಗಿ. ಅಚ್ಚಾದ ಹಾಳೆಗಳನ್ನು ಇನ್ನೊಂದು ಪ್ರೆಸ್ಸಿಗೆ ಹೊತ್ತುಕೊಂಡು ಹೋಗಿ ಕತ್ತರಿಸಿ ತರಲು ಕಳೆದ ವರ್ಷ ತಿಂಗಳಿಗೆ ಸರಾಸರಿ 5,500 ರೂಪಾಯಿ ಕೊಟ್ಟಿದ್ದೇವೆ. ಮದುವೆ ಕಾರ್ಡಿನ ಕಾಲದಲ್ಲಿ ಹಣಕ್ಕಿಂತ ಕಾಯುವುದೇ ಹೆಚ್ಚು ನಷ್ಟ. ಬಳಸಿದ ಯಂತ್ರವೊಂದಕ್ಕೆ 3,50,000 ಹೇಳಿದ್ದಾರೆ. ಸಾಗಣೆಗೂ ವೈರಿಂಗಿಗೂ ಇನ್ನೊಂದು 25,000 ಇಟ್ಟುಕೊಂಡರೆ ಕೈಗೆ 3,75,000 ಬರಬೇಕು. ಮಳಿಗೆ ಬಾಡಿಗೆಯದಾದ್ದರಿಂದ ಬ್ಯಾಂಕಿಗೆ ಅಡವಿಡಲು ನಮ್ಮ ಬಳಿ ಏನೂ ಇಲ್ಲ.

ಕರಾರಿನಂತೆ ಮೊದಲ ತಿಂಗಳ ಪೂರ್ಣ ಮೊತ್ತವನ್ನು ಫೋರ್‌ಮನ್ ತಮ್ಮ ಟಿಕೆಟ್‌ಗೆ ಕಡಿತವಿಲ್ಲದೆ ಪಡೆದರು. ಡಿವಿಡೆಂಡ್ ಇಲ್ಲ. ಕಟ್ಟಿದ್ದು 20,000.

ಫೆಬ್ರವರಿಯಿಂದ ಜೂನ್ 2023

ಫೆಬ್ರವರಿಯ ಹರಾಜಿನಲ್ಲಿ ಆರು ಮಂದಿ ಗರಿಷ್ಠ ಕಡಿತಕ್ಕೇ ಸವಾಲು ಕೂಗಿದ್ದರಿಂದ ಅವರ ಹೆಸರುಗಳನ್ನು ಬರೆದು ಹಾಕಿ ಒಂದನ್ನು ಎತ್ತಿಸಿದರು. 1,50,000ದಲ್ಲಿ ಕಮಿಷನ್ 25,000 ಕಳೆದು ಉಳಿದ 1,25,000ವನ್ನು 25 ಟಿಕೆಟ್‌ಗಳಿಗೆ ಹಂಚಿದಾಗ ತಲಾ 5,000 ಬಂತು. ಕಟ್ಟಿದ್ದು 15,000. ಮಾರ್ಚ್, ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿಯೂ ಕಡಿತ ಗರಿಷ್ಠಕ್ಕೇ ಹೋಗಿ, ತಿಂಗಳಿಗೆ ಡಿವಿಡೆಂಡ್ 5,000, ಕಂತು 15,000 ಆಯಿತು. ಮೇ 10ರಂದು ವಿಧಾನಸಭೆ ಚುನಾವಣೆಯ ಮತದಾನವಿದ್ದುದರಿಂದ ಆ ತಿಂಗಳ ಹರಾಜು 11ಕ್ಕೆ ನಡೆಯಿತು. ಈ ತಿಂಗಳುಗಳಲ್ಲಿ ಚೀಟಿ ಎತ್ತಿದವರಿಗೆ ಕಡಿತ ಕಳೆದು ಉಳಿದದ್ದು 3,50,000 ಮಾತ್ರ. ನನಗೆ ಅದು ಸಾಲದಾದ್ದರಿಂದ ನಾನು ಒಮ್ಮೆಯೂ ಕೂಗಲಿಲ್ಲ.

10 ಜುಲೈ 2023

ಮೊದಲ ಬಾರಿಗೆ ಗರಿಷ್ಠಕ್ಕಿಂತ ಕೆಳಗೆ, 1,45,000 ರೂಪಾಯಿ ಕಡಿತಕ್ಕೆ ಚೀಟಿ ನಿಂತಿತು. ಡಿವಿಡೆಂಡ್ 4,800. ಕಟ್ಟಿದ್ದು 15,200.

22 ಆಗಸ್ಟ್ 2023

10ನೇ ತಾರೀಕಿನ ಹರಾಜಿನಲ್ಲಿ ನಾನೇ ಕುಳಿತಿದ್ದೆ. ಕಡಿತ 1,40,000ಕ್ಕೆ ನಿಂತದ್ದನ್ನು ಅಲ್ಲಿಯೇ ಕೈಚೀಟಿಯಲ್ಲಿ ಗುರುತು ಮಾಡಿಕೊಂಡಿದ್ದೆ. ಅದರಂತೆ ಡಿವಿಡೆಂಡ್ 4,600 ಆಗಬೇಕು. ಆದರೆ 19ರಂದು ಕಂತು ಕಟ್ಟುವಾಗ 15,600 ಕೇಳಿದರು, ಪಾಸ್‌ಬುಕ್ಕಿನಲ್ಲಿ ಡಿವಿಡೆಂಡ್ 4,400 ಎಂದು ಬರೆದಿದ್ದರು. ಗಡುವು ಮೀರಬಾರದೆಂದು ಕೇಳಿದಷ್ಟನ್ನು ಕಟ್ಟಿ ರಸೀದಿ ಪಡೆದು, ಇಂದು ಮತ್ತೆ ಹೋಗಿ ಹರಾಜಿನ ನಡಾವಳಿ ಪುಸ್ತಕ ತೋರಿಸಿ ಎಂದು ಕೇಳಿದೆ. ನಡಾವಳಿಯಲ್ಲಿ 1,40,000 ಎಂದೇ ಇತ್ತು, ಹಾಜರಿದ್ದ ಸದಸ್ಯರ ಸಹಿಯೂ ಇತ್ತು. ಲೆಕ್ಕದ ಹಾಳೆಗೆ ಏರಿಸುವಾಗ 1,35,000 ಎಂದು ಬರೆದದ್ದೇ ತಪ್ಪಿಗೆ ಮೂಲ. ಮ್ಯಾನೇಜರು ತಪ್ಪನ್ನು ಒಪ್ಪಿಕೊಂಡು ಪಾಸ್‌ಬುಕ್ಕಿನ ಆ ಸಾಲನ್ನು ತಿದ್ದಿ ಸಹಿ ಹಾಕಿದರು, 200 ರೂಪಾಯಿಯನ್ನು ಮುಂದಿನ ಕಂತಿನಲ್ಲಿ ಕಳೆಯುವುದಾಗಿ ಬರೆದುಕೊಟ್ಟರು. ನನ್ನ ಪಾಲಿಗೆ 200 ಆದರೂ 25 ಟಿಕೆಟ್‌ಗಳಿಗೆ ಅದು 5,000 ರೂಪಾಯಿಯ ವ್ಯತ್ಯಾಸವಾದ್ದರಿಂದ ಉಳಿದ ಎಲ್ಲರ ಪಾಸ್‌ಬುಕ್ಕನ್ನೂ ಸರಿಪಡಿಸಬೇಕೆಂದು ಕೇಳಿಕೊಂಡೆ. ಪರಿಚಯದ ಇಬ್ಬರು ಸದಸ್ಯರಿಗೆ ಫೋನು ಮಾಡಿಯೂ ತಿಳಿಸಿದೆ.

ಸೆಪ್ಟೆಂಬರ್, ಅಕ್ಟೋಬರ್ 2023

ಸೆಪ್ಟೆಂಬರ್ 10 ಭಾನುವಾರವಾದ್ದರಿಂದ ಹರಾಜು 11ಕ್ಕೆ ನಡೆಯಿತು. ಕಡಿತ 1,32,500, ಡಿವಿಡೆಂಡ್ 4,300, ಕಂತು 15,700. ಆಗಸ್ಟಿನ 200 ಕಳೆದು 15,500 ಕಟ್ಟಿದೆ, ಅಲ್ಲಿಗೆ ಆ ವ್ಯತ್ಯಾಸ ಮುಗಿಯಿತು. ಅಕ್ಟೋಬರಿನಲ್ಲಿ ಕಡಿತ 1,25,000, ಡಿವಿಡೆಂಡ್ 4,000, ಕಟ್ಟಿದ್ದು 16,000.

ಹತ್ತು ಕಂತುಗಳಿಗೆ ಇಲ್ಲಿಯವರೆಗೆ ಕಟ್ಟಿದ್ದು 1,57,300, ಬಂದ ಡಿವಿಡೆಂಡ್ 42,700.

ಅಕ್ಟೋಬರಿನಲ್ಲಿಯೇ ಎತ್ತಬೇಕೆಂದು ಯಜಮಾನರು ಹೇಳಿದ್ದರು. ಕಮಿಷನ್ನಿನ ಮೇಲಿನ ಶೇಕಡಾ 18ರ ಜಿಎಸ್‌ಟಿ, ಅಂದರೆ 4,500 ರೂಪಾಯಿಯನ್ನು ಚೀಟಿ ಎತ್ತಿದವರ ಮೊತ್ತದಲ್ಲಿಯೇ ಹಿಡಿಯುತ್ತಾರೆ. 1,25,000 ಕಡಿತಕ್ಕೆ ಕೈಗೆ ಬರುತ್ತಿದ್ದುದು 3,70,500, ನಮ್ಮ ಲೆಕ್ಕಕ್ಕೆ 4,500 ಕಡಿಮೆ. ಕಡಿತ 1,20,500ನ್ನು ದಾಟದಿದ್ದರೆ ಮಾತ್ರ ನಮ್ಮ ಕೆಲಸ ಆಗುತ್ತದೆಂದು ಅವರಿಗೆ ಬರೆದು ತೋರಿಸಿದ ಮೇಲೆ ಇನ್ನೊಂದು ತಿಂಗಳು ಕಾಯಲು ಒಪ್ಪಿದರು.

10 ನವೆಂಬರ್ 2023

ದೀಪಾವಳಿಗೆ ಎರಡೇ ದಿನವಿದ್ದುದರಿಂದ ಹಣ ಬೇಕಾದವರು ಹೆಚ್ಚಿರಬಹುದೆಂದು ಅಂಜಿಕೊಂಡೇ ಹೋಗಿದ್ದೆ. 1,20,000ಕ್ಕಿಂತ ಮೇಲೆ ಹೋಗುವುದಿಲ್ಲವೆಂದು ಮನೆಯಲ್ಲಿಯೇ ತೀರ್ಮಾನಿಸಿಕೊಂಡಿದ್ದೆ. 22ನೇ ಟಿಕೆಟ್‌ನವರು 1,12,500 ಕೂಗಿದರು, ನಾನು 1,15,000 ಎಂದೆ. ಮೂರು ಸಲ ಕೇಳಿದರೂ ಬೇರೆ ಯಾರೂ ಮುಂದೆ ಬರಲಿಲ್ಲ. ಚೀಟಿ ನನ್ನದಾಯಿತು. ಚೀಟಿ ಮೊತ್ತ 5,00,000ದಲ್ಲಿ ಕಡಿತ 1,15,000 ಕಳೆದರೆ 3,85,000, ಅದರಲ್ಲಿ ಜಿಎಸ್‌ಟಿ 4,500 ಕಳೆದರೆ ನನಗೆ ಸಲ್ಲಬೇಕಾದದ್ದು 3,80,500. ಈ ತಿಂಗಳ ಡಿವಿಡೆಂಡ್ 3,600. ಎತ್ತಿದವರಿಗೂ ಉಳಿದವರಂತೆಯೇ ಪಾಲಿದೆ. ಕಟ್ಟಿದ್ದು 16,400.

7 ಡಿಸೆಂಬರ್ 2023

ಇಂದು 3,80,500 ರೂಪಾಯಿ ನನ್ನ ಉಳಿತಾಯ ಖಾತೆಗೆ ಜಮೆಯಾಯಿತು. ಉಳಿದ 14 ಕಂತುಗಳ ಪೂರ್ಣ ಮೊತ್ತ 2,80,000ಕ್ಕೆ ಸಂಬಳದಾರರಾದ ಇಬ್ಬರ ಜಾಮೀನು ಕೇಳಿದ್ದರು. ಶಿಕ್ಷಕನಾಗಿರುವ ನನ್ನ ತಮ್ಮ ವಾರದೊಳಗೆ ಸಹಿ ಮಾಡಿಕೊಟ್ಟ. ಎರಡನೆಯವರ ವೇತನ ಪ್ರಮಾಣಪತ್ರ ಅವರ ಕಚೇರಿಯಿಂದ ಬರಲು ನವೆಂಬರ್ ಮುಗಿಯಿತು. ಮುಂದಿನ ಹರಾಜಿನ ದಿನದೊಳಗೆ ಪಾವತಿಯಾಗದ ಮೊತ್ತವನ್ನು ಫೋರ್‌ಮನ್ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಗೆ ಹಾಕಿ ಇಡಬೇಕೆಂಬ ನಿಯಮ ಗೊತ್ತಿದ್ದುದರಿಂದ ಹಣದ ಬಗ್ಗೆ ಭಯವಿರಲಿಲ್ಲ. ಆದರೆ ಯಂತ್ರ ಮಾರುವವರು ಬೇರೆಯವರಿಗೆ ಕೊಟ್ಟುಬಿಟ್ಟಾರೆಂಬ ಚಿಂತೆ ಮಾತ್ರ ಪ್ರತಿ ದಿನವೂ ಇತ್ತು. ಅವರು ನಮಗಾಗಿಯೇ ಉಳಿಸಿಕೊಂಡಿದ್ದರು. ಯಂತ್ರಕ್ಕೆ 3,50,000, ಸಾಗಣೆ, ಕ್ರೇನು ಮತ್ತು ವೈರಿಂಗಿಗೆ 24,000 ಖರ್ಚಾಗಿ 6,500 ಉಳಿಯಿತು. ಅದನ್ನು ಡಿಸೆಂಬರ್ ಕಂತಿಗೆ ಸೇರಿಸಿಕೊಂಡೆ.

ಇಲ್ಲಿಯವರೆಗೆ ನಾವು ಕಟ್ಟಿದ್ದು 1,73,700. ಬಂದದ್ದರಲ್ಲಿ ಅದನ್ನು ಕಳೆದರೆ 2,06,800 ರೂಪಾಯಿ ಉಳಿದ 24 ಮಂದಿಯ ಹಣ. ಇನ್ನು ಮುಂದೆ ಕಟ್ಟುವುದೆಲ್ಲ ಸಾಲದ ತೀರುವಳಿ ಎಂದೇ ಭಾವಿಸಿ, ಕಂತಿನ ಹಣವನ್ನು ಪ್ರೆಸ್ಸಿನ ಖಾತೆಯಿಂದ ಪ್ರತಿ ಶನಿವಾರ ಸ್ವಲ್ಪ ಸ್ವಲ್ಪವಾಗಿ ಬೇರೆ ತೆಗೆದಿಡುತ್ತೇನೆ.

ಡಿಸೆಂಬರ್ 2023ರಿಂದ ಮೇ 2024

ಡಿಸೆಂಬರಿನಲ್ಲಿ ಕಡಿತ 1,10,000, ಡಿವಿಡೆಂಡ್ 3,400, ಕಟ್ಟಿದ್ದು 16,600. ಜನವರಿಯಲ್ಲಿ 1,02,500 ಕಡಿತಕ್ಕೆ ಡಿವಿಡೆಂಡ್ 3,100 ಬಂದು 16,900 ಕಟ್ಟಿದೆ. ಫೆಬ್ರವರಿಯಲ್ಲಿ ಕಡಿತ 95,000, ಡಿವಿಡೆಂಡ್ 2,800, ಕಂತು 17,200. ಮಾರ್ಚಿನಲ್ಲಿ 90,000, 2,600, 17,400. ಏಪ್ರಿಲಿನಲ್ಲಿ 85,000, 2,400, 17,600. ಮೇ ತಿಂಗಳಲ್ಲಿ 80,000, 2,200, 17,800. ಎಲ್ಲ ಕಂತುಗಳೂ ಗಡುವಿನೊಳಗೆ ಬ್ಯಾಂಕಿನ ಮೂಲಕವೇ ಹೋಗಿವೆ. ರಸೀದಿಗಳು ಕ್ರಮವಾಗಿ ಇದೇ ಪುಸ್ತಕದ ಹಿಂದಿನ ಲಕೋಟೆಯಲ್ಲಿವೆ.

20 ಜೂನ್ 2024

ಕಡಿತ 72,500, ಡಿವಿಡೆಂಡ್ 1,900, ಕಂತು 18,100. ಚೀಟಿ ಎತ್ತಿದ ಸದಸ್ಯರು ಗಡುವು ತಪ್ಪಿಸಿದರೆ ಆ ತಿಂಗಳ ಡಿವಿಡೆಂಡ್ ಸಿಗುವುದಿಲ್ಲವೆಂದು ಕರಾರಿನಲ್ಲಿದೆ, ದಂಡವೂ ಇದೆ. ಶಾಲೆಯೊಂದಕ್ಕೆ ಮುದ್ರಿಸಿಕೊಟ್ಟ ಪ್ರಗತಿ ಪತ್ರಗಳ ಬಿಲ್ಲು ಎರಡು ತಿಂಗಳಿಂದ ಬಾಕಿ ಇದ್ದುದರಿಂದ ನಿನ್ನೆ ರಾತ್ರಿ ತೆಗೆದಿಟ್ಟಿದ್ದರಲ್ಲಿ 11,000 ಮಾತ್ರ ಇತ್ತು. ಉಳಿದ 7,100ನ್ನು ಇಂದು ಬೆಳಿಗ್ಗೆ ತಮ್ಮನಿಂದ ಕೈಗಡ ತಂದು ಕಟ್ಟಿದೆ. ಜಾಮೀನು ನಿಂತವನ ಬಳಿಯೇ ಕಂತಿಗೆ ಹಣ ಕೇಳುವುದು ನನಗೆ ಬಹಳ ಕಷ್ಟವಾಯಿತು. ಕಂತು ತಪ್ಪಿದರೆ ನೋಟಿಸು ಅವನಿಗೂ ಹೋಗುತ್ತಿತ್ತೆಂಬ ಕಾರಣಕ್ಕೆ ಕೇಳಿದೆ. ಬಿಲ್ಲಿನ ಹಣ ಬಂದ ದಿನವೇ ಅವನದನ್ನು ಮೊದಲು ಕೊಡಬೇಕು. (ಜುಲೈ 3ರಂದು ಕೊಟ್ಟಿದ್ದೇನೆ.)

ಜುಲೈನಿಂದ ಡಿಸೆಂಬರ್ 2024

ಎತ್ತದೆ ಉಳಿದವರು ಕಡಿಮೆಯಾಗುತ್ತ ಬಂದಂತೆ ಸವಾಲೂ ಇಳಿಯುತ್ತಿದೆ, ಕಂತು ಏರುತ್ತಿದೆ. ಜುಲೈಯಲ್ಲಿ ಕಡಿತ 65,000, ಡಿವಿಡೆಂಡ್ 1,600, ಕಟ್ಟಿದ್ದು 18,400. ಆಗಸ್ಟಿನಲ್ಲಿ 60,000, 1,400, 18,600. ಸೆಪ್ಟೆಂಬರಿನಲ್ಲಿ 52,500, 1,100, 18,900. ಅಕ್ಟೋಬರಿನಲ್ಲಿ 45,000, 800, 19,200. ನವೆಂಬರಿನಲ್ಲಿ 37,500, 500, 19,500. ಡಿಸೆಂಬರಿನಲ್ಲಿ 30,000, 200, 19,800.

10 ಜನವರಿ 2025

ಕೊನೆಯ ಕಂತು. ಎತ್ತದೆ ಉಳಿದವರು ಒಬ್ಬರೇ ಆದ್ದರಿಂದ ಹರಾಜಿರಲಿಲ್ಲ, ಕಮಿಷನ್ 25,000 ಮಾತ್ರ ಕಡಿತವಾಯಿತು. ಡಿವಿಡೆಂಡ್ ಇಲ್ಲ. 20,000 ಇಂದೇ ಕಟ್ಟಿದೆ.

25 ಕಂತುಗಳಿಗೆ ಒಟ್ಟು ಕಟ್ಟಿದ್ದು 4,29,700. ಒಟ್ಟು ಡಿವಿಡೆಂಡ್ 70,300. ಎರಡನ್ನೂ ಕೂಡಿದರೆ 5,00,000 ಸರಿಹೊಂದುತ್ತದೆ, ಪಾಸ್‌ಬುಕ್ಕಿನ ಮೊತ್ತಕ್ಕೂ ತಾಳೆಯಾಗಿದೆ. ಪಡೆದದ್ದು 3,80,500. ಆದ್ದರಿಂದ ಹನ್ನೊಂದನೇ ತಿಂಗಳಲ್ಲಿ ಹಣ ಪಡೆಯಲು ನಮಗೆ ತಗುಲಿದ್ದು 49,200 ರೂಪಾಯಿ. ಎತ್ತಿದ ದಿನ ನಮ್ಮದಲ್ಲದ 2,06,800ಕ್ಕೆ ಬದಲಾಗಿ 14 ತಿಂಗಳಲ್ಲಿ 2,56,000 ಹಿಂತಿರುಗಿಸಿದ್ದೇವೆ. ಇದು ಅಗ್ಗದ ಹಣವಲ್ಲ. ಕೊನೆಯವರೆಗೆ ಕಾದಿದ್ದರೆ ಜಿಎಸ್‌ಟಿ ಕಳೆದು 4,70,500 ಸಿಕ್ಕಿ 40,800 ಉಳಿಯುತ್ತಿತ್ತು, ಆದರೆ ಯಂತ್ರ ಇಂದು ಬರುತ್ತಿತ್ತು. ಇನ್ನೊಂದು ಕಡೆ, ಕಳೆದ ಜನವರಿಯಿಂದ ಈ ತಿಂಗಳವರೆಗಿನ 13 ತಿಂಗಳಲ್ಲಿ ಕತ್ತರಿಸುವ ಕೆಲಸಕ್ಕೆ ಹೊರಗೆ ಹೋಗಬೇಕಾಗಿದ್ದ, ಹಳೆಯ ಸರಾಸರಿಯಂತೆ 71,500 ರೂಪಾಯಿ ನಮ್ಮಲ್ಲಿಯೇ ಉಳಿದಿದೆ.

24 ಜನವರಿ 2025

ಬಾಕಿ ಇಲ್ಲವೆಂಬ ಪತ್ರ, ರದ್ದು ಮಾಡಿದ ಪ್ರಾಮಿಸರಿ ನೋಟು ಮತ್ತು ಇಬ್ಬರು ಜಾಮೀನುದಾರರ ಪತ್ರಗಳನ್ನು ಕಚೇರಿಯಿಂದ ಪಡೆದುಕೊಂಡೆ. ತಮ್ಮನ ಪತ್ರವನ್ನು ಅವನ ಕೈಗೇ ಕೊಟ್ಟಿದ್ದೇನೆ. ಎರಡನೆಯವರದನ್ನು ಭಾನುವಾರ ಅವರ ಮನೆಗೆ ಹೋಗಿ ಕೊಡಬೇಕು.